ನೋವಿಲ್ಲದೆ ಬೆಳೆಯುವ ಜಠರದ ಹುಣ್ಣು

ಅರವತ್ತೈದು ದಾಟಿದ ತಾಯಿಯೊಬ್ಬರ ಸ್ಥಿತಿಯನ್ನು ಊಹಿಸಿಕೊಳ್ಳೋಣ. ಮಂಡಿನೋವಿಗೆಂದು ಔಷಧದ ಅಂಗಡಿಯಿಂದ ಡೈಕ್ಲೋಫೆನಾಕ್ ಮಾತ್ರೆ ತರಿಸಿ, ಎರಡು ತಿಂಗಳಿನಿಂದ ದಿನಕ್ಕೆರಡು ಬಾರಿ ಸೇವಿಸುತ್ತಿದ್ದಾರೆ. ಹೃದಯದ ತೊಂದರೆಗೆ ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಮೊದಲಿನಿಂದಲೂ ಇದೆ. ಅವರು ಖಾರ ಬಿಟ್ಟವರು, ಹೊತ್ತಿಗೆ ಸರಿಯಾಗಿ ಉಣ್ಣುವವರು. ಹೊಟ್ಟೆಯುರಿ ಎಂದವರೇ ಅಲ್ಲ. ಒಂದು ಮುಂಜಾನೆ ಎದ್ದು ನಿಂತೊಡನೆ ತಲೆ ಸುತ್ತಿ ಕುಸಿಯುತ್ತಾರೆ. ಮೂರು ದಿನಗಳಿಂದ ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ ಹೋಗುತ್ತಿತ್ತೆಂದು ಆಗ ತಿಳಿಯುತ್ತದೆ. ಎಂಡೋಸ್ಕೋಪಿಯಲ್ಲಿ ಜಠರದೊಳಗೆ ರಕ್ತ ಒಸರುವ ಹುಣ್ಣು ಕಾಣುತ್ತದೆ.

ಹುಣ್ಣಿಗೆ ಆಮ್ಲವೊಂದೇ ಕಾರಣವೆಂಬ ನಂಬಿಕೆ ಅಪೂರ್ಣವಾದುದು. ಆಮ್ಲವು ಎಲ್ಲರ ಜಠರದಲ್ಲಿಯೂ ಇದೆ. ಅದರಿಂದ ಜಠರದ ಗೋಡೆಯನ್ನು ಕಾಯುವುದು ಒಳಗಿನ ಲೋಳೆಯ ಪದರ. ಆ ಲೋಳೆಯನ್ನೂ ಗೋಡೆಯ ರಕ್ತಸಂಚಾರವನ್ನೂ ಪೋಷಿಸುವ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳ ಉತ್ಪತ್ತಿಯನ್ನು ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ಗಳು ತಗ್ಗಿಸುತ್ತವೆ. ಈ ಕೆಲಸ ರಕ್ತದ ಮೂಲಕವೂ ನಡೆಯುವುದರಿಂದ, ಊಟದ ನಂತರ ನುಂಗಿದರೂ, ಚುಚ್ಚುಮದ್ದಾಗಿ ಪಡೆದರೂ ಅಪಾಯ ತಪ್ಪದು. ಎರಡು ಇಂತಹ ಔಷಧಗಳು ಕೂಡಿದರೆ ಅಪಾಯ ಹೆಚ್ಚುತ್ತದೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಒಸರುವ ರಕ್ತವೂ ಬೇಗ ನಿಲ್ಲದು. ನೋವನ್ನು ಅಡಗಿಸುವುದೇ ಈ ಮಾತ್ರೆಗಳ ಗುಣವಾದ್ದರಿಂದ ಹುಣ್ಣು ಸುಳಿವು ಕೊಡದೆಯೂ ಬೆಳೆಯಬಹುದು.

ಇನ್ನೊಂದು ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಸೋಂಕು ಇದ್ದಲ್ಲಿ ಆಮ್ಲ ತಗ್ಗಿಸುವ ಮಾತ್ರೆಯೊಂದೇ ಸಾಲದು. ಪ್ರತಿಜೈವಿಕಗಳನ್ನೂ ಸೇರಿಸಿ ಚಿಕಿತ್ಸೆ ಪೂರೈಸದಿದ್ದರೆ ಹುಣ್ಣು ಮರುಕಳಿಸಬಹುದು.

ಆ ತಾಯಿಗೆ ರಕ್ತ ಕೊಟ್ಟು, ಎಂಡೋಸ್ಕೋಪಿಯ ಮೂಲಕವೇ ರಕ್ತನಾಳಕ್ಕೆ ಕ್ಲಿಪ್ ಹಾಕಿ ಸ್ರಾವ ನಿಲ್ಲಿಸುತ್ತಾರೆ. ಡೈಕ್ಲೋಫೆನಾಕ್ ನಿಲ್ಲುತ್ತದೆ. ಆದರೆ ಆಸ್ಪಿರಿನ್ ಹೃದಯವನ್ನು ಕಾಯುವ ಔಷಧ. ಅದನ್ನು ಯಾವಾಗ ಮುಂದುವರಿಸಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು, ತಾವಾಗಿ ಬಿಡಬಾರದು.

ಹುಣ್ಣು ಗೋಡೆಯನ್ನೇ ತೂತು ಮಾಡಿದರೆ ಚಿತ್ರ ಬೇರೆ. ಚೂರಿಯಿಂದ ಇರಿದಂತಹ ನೋವು ಹಠಾತ್ತನೆ ಮೇಲ್ಹೊಟ್ಟೆಯಲ್ಲಿ ಎದ್ದು ಇಡೀ ಹೊಟ್ಟೆಗೆ ಹರಡುತ್ತದೆ. ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ರೋಗಿ ಅಲುಗಾಡಲೂ ಅಂಜುತ್ತಾನೆ. ಆಗ ನೀರನ್ನಾಗಲಿ ಮಾತ್ರೆಯನ್ನಾಗಲಿ ಕೊಡದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ವೃದ್ಧರಲ್ಲಿ ಈ ಲಕ್ಷಣಗಳು ಮಂದವಾಗಿರಬಹುದು.

ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಆದರೆ ನೋವಿನ ಮಾತ್ರೆ ಸೇವಿಸುವವರಲ್ಲಿ ಅಂಟಾದ, ದುರ್ವಾಸನೆಯ ಕಪ್ಪು ಮಲ, ಕಾಫಿಪುಡಿಯಂತಹ ವಾಂತಿ ಅಥವಾ ತಲೆಸುತ್ತು ಕಂಡರೆ ಅದನ್ನು ರಕ್ತಸ್ರಾವವೆಂದೇ ಭಾವಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಗಳನ್ನೆಲ್ಲ ಜೊತೆಗೆ ಒಯ್ಯಬೇಕು.