ಟೆಸ್ಟ್ ಪಾಸಿಟಿವ್, ಗರ್ಭಕೋಶ ಖಾಲಿ

ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ 6ನೇ ವಾರ. ಟೆಸ್ಟ್ ಪಾಸಿಟಿವ್; ಆದರೆ ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ. ದಿನದ ಲೆಕ್ಕ ತಪ್ಪಿರಬಹುದು, ಗರ್ಭಪಾತವಾಗಿರಬಹುದು, ಇಲ್ಲವೇ ಗರ್ಭ ನಾಳದಲ್ಲಿ ಕೂತಿರಬಹುದು.

ಗರ್ಭಕೋಶದಲ್ಲಿ ಬರೀ ಚೀಲ ಕಂಡರೆ ಸಾಲದು. ನಾಳದ ಗರ್ಭದಲ್ಲೂ ಅಲ್ಲಿ ದ್ರವ ನಿಂತು ಚೀಲದಂತೆ ಕಾಣುವುದುಂಟು. ಅದರೊಳಗೆ ಪುಟ್ಟ ಬಿಳಿ ಬಳೆಯಂಥ ಯೋಕ್ ಸ್ಯಾಕ್ ಕಂಡರೆ ಗರ್ಭ ಅಲ್ಲೇ ಇದೆಯೆಂದು ಖಚಿತ.

ಏನೂ ಕಾಣದಿದ್ದರೆ ರಕ್ತದ ಎಚ್‌ಸಿಜಿ ಅಳೆದು, 48 ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. 900 ಇದ್ದದ್ದು 1,100 ಮಾತ್ರ ಆದರೆ ಏರಿಕೆ ಸಾಲದು. ಮರುಸ್ಕ್ಯಾನಿನಲ್ಲಿ ಅದೇ ಬಳೆ ಅಂಡಾಶಯದ ಪಕ್ಕ, ನಾಳದಲ್ಲಿ ಸಿಕ್ಕರೆ ಅನುಮಾನ ನಿಜ. ಬೇಗ ಪತ್ತೆಯಾದರೆ ಹಲವರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಸಾಕಾಗುತ್ತದೆ.

ಈ ನಡುವೆ ಹೊಟ್ಟೆನೋವು ಜೋರಾದರೆ, ತಲೆ ಸುತ್ತಿದರೆ, ಭುಜದ ತುದಿ ನೋಯತೊಡಗಿದರೆ ನಾಳ ಒಡೆದಿರಬಹುದು. ಎರಡನೇ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.