ಫ್ಲಶ್ ನೀರು ಹಳದಿಯಾದರೆ ಗಾಳಿಯ ಲೆಕ್ಕ ನೋಡಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸಭೆಯಲ್ಲಿ ಎಸ್‌ಟಿಪಿಯ ಮಾತು ಬರುವುದು ಹೆಚ್ಚಾಗಿ ಫ್ಲಶ್ ನೀರಿನ ದೂರಿನಿಂದ. ನೀರು ಹಳದಿಯಾಗಿದೆ, ಕಮೋಡಿನಲ್ಲಿ ಕಲೆ ಕಟ್ಟುತ್ತಿದೆ, ಬಾತ್‌ರೂಮಿನ ಬಾಗಿಲು ತೆಗೆದರೆ ವಾಸನೆ. ಕೂಡಲೇ ಫಿಲ್ಟರಿನ ಮರಳು ಬದಲಿಸುತ್ತಾರೆ, ಕ್ಲೋರಿನ್ ದ್ರಾವಣ ಇನ್ನಷ್ಟು ಸುರಿಯುತ್ತಾರೆ. ವಾರ ಕಳೆದರೆ ಮತ್ತದೇ ದೂರು. ತೊಂದರೆ ಎಷ್ಟೋ ಸಲ ಫಿಲ್ಟರಿನದ್ದಲ್ಲ, ಅದಕ್ಕೂ ಹಿಂದಿರುವ ಗಾಳಿ ತೊಟ್ಟಿಯದು. ಆ ತೊಟ್ಟಿ ಎಷ್ಟು ದೊಡ್ಡದಿರಬೇಕು, ಅದಕ್ಕೆ ಎಷ್ಟು ಗಾಳಿ ಬೇಕು ಎಂಬ ಲೆಕ್ಕ ಕಷ್ಟದ್ದೇನಲ್ಲ. ಮನೆ ಕೊಂಡವರಿಗೂ ಅದು ಗೊತ್ತಿರಬೇಕು.

120 ಮನೆಗಳ ಒಂದು ಸಮುಚ್ಚಯ ಎಂದಿಟ್ಟುಕೊಳ್ಳೋಣ. ಮನೆಗೆ ಐವರಂತೆ 600 ಜನ. ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಮಾನದಂಡ. ಅದರಲ್ಲಿ 45 ಲೀಟರ್ ಫ್ಲಶ್‌ಗೆ, ಉಳಿದ 90 ಸ್ನಾನ, ಅಡುಗೆ, ಬಟ್ಟೆ ಒಗೆಯುವುದಕ್ಕೆ. ಒಟ್ಟು 81 ಸಾವಿರ ಲೀಟರ್ ಆಯಿತು. ಇದರಲ್ಲಿ ಶೇ. 90ರಷ್ಟು ಚರಂಡಿಗೆ ಇಳಿಯುತ್ತದೆ ಎಂದು ಹಿಡಿದರೆ ಸುಮಾರು 73 ಸಾವಿರ ಲೀಟರ್. ಇದನ್ನು 75 ಸಾವಿರಕ್ಕೆ ಏರಿಸಿ '75 ಕೆಎಲ್‌ಡಿ ಎಸ್‌ಟಿಪಿ' ಎಂದು ನಕ್ಷೆಯಲ್ಲಿ ಬರೆಯುತ್ತಾರೆ. ಬಹಳಷ್ಟು ಜನರ ವಿಚಾರ ಇಲ್ಲಿಗೇ ನಿಂತುಬಿಡುತ್ತದೆ.

ಆದರೆ ಈ ನೀರು ಗಂಟೆಗೆ ಇಷ್ಟೇ ಎಂದು ಸಮನಾಗಿ ಬರುವುದಿಲ್ಲ. ಬೆಳಿಗ್ಗೆ ಆರರಿಂದ ಹತ್ತರೊಳಗೆ ಮನೆಮನೆಯಲ್ಲೂ ಸ್ನಾನ, ಪಾತ್ರೆ, ವಾಷಿಂಗ್ ಮೆಷಿನ್. ದಿನದ ನೀರಿನ ಶೇ. 40ರಷ್ಟು ಆ ನಾಲ್ಕು ಗಂಟೆಗಳಲ್ಲೇ ಬಂತೆಂದರೆ 30 ಸಾವಿರ ಲೀಟರ್. ಘಟಕ ನುಂಗುವುದು ಗಂಟೆಗೆ ಮೂರು ಸಾವಿರ ಲೀಟರಿಗಿಂತ ತುಸು ಹೆಚ್ಚು, ನಾಲ್ಕು ಗಂಟೆಯಲ್ಲಿ ಹನ್ನೆರಡೂವರೆ ಸಾವಿರ. ಮಿಕ್ಕ ಹದಿನೇಳೂವರೆ ಸಾವಿರ ಲೀಟರ್ ಕಾಯುವುದಕ್ಕೆ ಜಾಗ ಬೇಕು. ಮೊದಲ ಸಂಗ್ರಹ ತೊಟ್ಟಿಯನ್ನು ಆರು ಗಂಟೆಯ ಹರಿವಿಗೆ, ಅಂದರೆ ಸುಮಾರು 19 ಸಾವಿರ ಲೀಟರಿಗೆ ಕಟ್ಟುವುದು ಇದಕ್ಕಾಗಿ. ಪಾರ್ಕಿಂಗ್ ಜಾಗ ಉಳಿಸಲು ಈ ತೊಟ್ಟಿಯನ್ನು ಕುಗ್ಗಿಸಿದರೆ ಬೆಳಗಿನ ಭರಾಟೆ ನೇರ ಒಳಗೆ ನುಗ್ಗಿ, ಶುದ್ಧಿ ಮಾಡಬೇಕಾದ ಬ್ಯಾಕ್ಟೀರಿಯಾಗಳನ್ನೇ ಹೊರಗೆ ತಳ್ಳುತ್ತದೆ.

ಎಸ್‌ಟಿಪಿಯಲ್ಲಿ ಕೊಳಕನ್ನು ತಿನ್ನುವುದು ಈ ಬ್ಯಾಕ್ಟೀರಿಯಾಗಳೇ. ಗಾಳಿ ತೊಟ್ಟಿಯಲ್ಲಿ ಅವು ಕಂದು ಬಣ್ಣದ ಕೆಸರಾಗಿ ತೇಲಾಡುತ್ತಿರುತ್ತವೆ. ಕೊಳಕು ಎಷ್ಟಿದೆ ಎಂಬುದನ್ನು ಬಿಒಡಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮನೆಗಳ ಕೊಳಚೆಯಲ್ಲಿ ಅದು ಲೀಟರಿಗೆ 300 ಮಿಲಿಗ್ರಾಂ ಎಂದರೆ, ನಮ್ಮ 75 ಸಾವಿರ ಲೀಟರಿನಲ್ಲಿ ದಿನಕ್ಕೆ 22.5 ಕಿಲೊ 'ಆಹಾರ'. ತೊಟ್ಟಿಯ ಒಂದು ಲೀಟರಿನಲ್ಲಿ ಮೂರೂವರೆ ಗ್ರಾಂ ಕೆಸರು ಇಟ್ಟುಕೊಂಡು, ಒಂದು ಕಿಲೊ ಕೆಸರಿಗೆ ದಿನಕ್ಕೆ 120 ಗ್ರಾಂ ಆಹಾರ ಎಂದು ಹಂಚಿದರೆ ತೊಟ್ಟಿ ಸುಮಾರು 54 ಸಾವಿರ ಲೀಟರಿನದಾಗಬೇಕು. ಅಂದರೆ ಕೊಳಚೆ ಅಲ್ಲಿ ಹದಿನೇಳು ಗಂಟೆ ಇರುತ್ತದೆ.

ಇನ್ನು ಗಾಳಿ. ಇಷ್ಟು ನಿಧಾನದ ಶುದ್ಧಿಯಲ್ಲಿ ಒಂದು ಕಿಲೊ ಬಿಒಡಿಗೆ ಸುಮಾರು ಎರಡು ಕಿಲೊ ಆಮ್ಲಜನಕ ಬೇಕು, ಒಟ್ಟು ದಿನಕ್ಕೆ 45 ಕಿಲೊ. ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ಆಮ್ಲಜನಕ ಕಾಲು ಕಿಲೊಗಿಂತ ಸ್ವಲ್ಪ ಹೆಚ್ಚು. ಅಷ್ಟೂ ನೀರಿಗೆ ಕರಗುವುದಿಲ್ಲ. ಸೋಪು, ಕೆಸರು ತುಂಬಿದ ನೀರಿನಲ್ಲಿ, ನಾಲ್ಕು ಮೀಟರ್ ಆಳದಿಂದ ಸಣ್ಣ ಗುಳ್ಳೆಗಳಾಗಿ ಮೇಲೆ ಬಂದರೂ ಹತ್ತರಲ್ಲಿ ಒಂದು ಪಾಲು ಕರಗಿದರೆ ಪುಣ್ಯ. ಉಳಿದದ್ದು ಮೇಲೆ ಬಂದು ಹೊರಗೆ ಹೋಗುತ್ತದೆ. ಹೀಗಾಗಿ ದಿನಕ್ಕೆ ಸುಮಾರು 1,630 ಘನ ಮೀಟರ್ ಗಾಳಿ ಊದಬೇಕು. ಬ್ಲೋವರ್ ಇಪ್ಪತ್ತು ಗಂಟೆ ಓಡಿದರೆ ಗಂಟೆಗೆ 82. ಮೊದಲ ತೊಟ್ಟಿಯಲ್ಲಿ ಕೊಳಚೆ ತಳಕ್ಕೆ ಕೂರದಂತೆ ಕಲಕುವುದಕ್ಕೆ ಇನ್ನೂ ಮೂವತ್ತು ಸೇರಿಸಿ. ಗಂಟೆಗೆ 110ರಿಂದ 115 ಘನ ಮೀಟರ್ ಕೊಡುವ ಬ್ಲೋವರ್ ಎರಡು ಬೇಕು, ಒಂದು ಕೆಟ್ಟರೆ ಇನ್ನೊಂದು.

ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಪಾಲು ಈ ಬ್ಲೋವರಿನದು, ಅದಕ್ಕೇ ರಾತ್ರಿ ಆರಿಸಿಬಿಡುವ ಅಭ್ಯಾಸ ಬೆಳೆಯುತ್ತದೆ. ಅದು ತೊಟ್ಟಿಯ ಬಣ್ಣದಲ್ಲೇ ತಿಳಿಯುತ್ತದೆ. ಆರೋಗ್ಯವಾಗಿರುವ ಕೆಸರು ಚಾಕೊಲೇಟ್ ಬಣ್ಣದ್ದು, ಮಣ್ಣಿನ ವಾಸನೆಯದು. ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಹೊಡೆದರೆ ಗಾಳಿ ಸಾಲುತ್ತಿಲ್ಲ. ಒಂದೇ ಕಡೆ ದೊಡ್ಡ ಗುಳ್ಳೆಗಳು ಕುದಿಯುವಂತೆ ಏಳುತ್ತಿದ್ದರೆ ತಳದ ಡಿಫ್ಯೂಸರಿನ ರಬ್ಬರ್ ಹರಿದಿದೆ. ಒಂದು ಲೀಟರ್ ಜಾರಿನಲ್ಲಿ ತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಬಿಡಿ. ಕೆಸರು 250ರಿಂದ 350 ಮಿಲಿಲೀಟರ್ ಗುರುತಿಗೆ ಇಳಿದು ಮೇಲಿನ ನೀರು ತಿಳಿಯಾಗಿದ್ದರೆ ಕೆಲಸ ಸರಿಯಾಗಿ ನಡೆದಿದೆ.

ಹಾಗೆಂದು ತೊಟ್ಟಿ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಳ್ಳಬಾರದು. ಮೊದಲ ವರ್ಷ ನಲವತ್ತೇ ಮನೆಗೆ ಜನ ಬಂದಿದ್ದಾರೆ, ಮನೆಗೆ ಮೂವರು. ಬರುವ ಕೊಳಚೆ ಹದಿನೈದು ಸಾವಿರ ಲೀಟರ್ ಕೂಡ ಇಲ್ಲ. ಹದಿನೇಳು ಗಂಟೆ ಇರಬೇಕಾದ ನೀರು ಮೂರೂವರೆ ದಿನ ಕೂರುತ್ತದೆ, ಆಹಾರವಿಲ್ಲದೆ ಬ್ಯಾಕ್ಟೀರಿಯಾ ಸೊರಗುತ್ತವೆ, ಕೆಸರು ಕಟ್ಟುವುದೇ ಇಲ್ಲ, ತೊಟ್ಟಿಯ ಮೇಲೆ ಬಿಳಿ ನೊರೆ. ಒಂದೇ 54 ಸಾವಿರ ಲೀಟರ್ ತೊಟ್ಟಿಯ ಬದಲು 27 ಸಾವಿರದ ಎರಡನ್ನು ಕಟ್ಟಿ ಮೊದಲು ಒಂದನ್ನೇ ಓಡಿಸಿದರೆ ಈ ಸಂಕಟ ಅರ್ಧ ಕಡಿಮೆಯಾಗುತ್ತದೆ. ಬಿಲ್ಡರ್ ಬಳಿ ಕಟ್ಟುವ ಮೊದಲೇ ಕೇಳಿ ಪಡೆಯಬೇಕಾದ ವಿಷಯವಿದು.

ಹಳದಿ ನೀರಿನ ಗುಟ್ಟೂ ಗಾಳಿಯಲ್ಲೇ ಇದೆ. ಮೂತ್ರದಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುತ್ತವೆ, ಅವಕ್ಕೆ ಲೀಟರಿಗೆ ಸುಮಾರು ಎರಡು ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. ಗಾಳಿ ಕಡಿಮೆಯಾದರೆ ಅಮೋನಿಯಾ ಹಾಗೇ ಉಳಿಯುತ್ತದೆ. ಮುಂದೆ ಹಾಕುವ ಕ್ಲೋರಿನ್ ಮೊದಲು ಅದರ ಜೊತೆ ಸೇರುತ್ತದೆ. ಒಂದು ಪಾಲು ಅಮೋನಿಯಾ ಸಾರಜನಕವನ್ನು ಮುಗಿಸಲು ಎಂಟರಿಂದ ಹತ್ತು ಪಾಲು ಕ್ಲೋರಿನ್ ಬೇಕು. ಎಷ್ಟು ಸುರಿದರೂ ಫ್ಲಶ್ ಟ್ಯಾಂಕಿನಲ್ಲಿ ಕ್ಲೋರಿನ್ ಉಳಿಯದೆ ಪಾಚಿ, ಲೋಳೆ ಕಟ್ಟುವುದು ಇದರಿಂದ. ಇಂಥ ಕಡೆ ಮರಳು, ಇದ್ದಿಲಿನ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ.

ಎಲ್ಲ ಸರಿಯಾದರೆ ನಮ್ಮ ಸಮುಚ್ಚಯಕ್ಕೆ ದಿನಕ್ಕೆ ಸುಮಾರು 70 ಸಾವಿರ ಲೀಟರ್ ಶುದ್ಧಿಯಾದ ನೀರು ಸಿಗುತ್ತದೆ. 600 ಜನರ ಫ್ಲಶ್‌ಗೆ ಬೇಕಾದದ್ದು 27 ಸಾವಿರ. ಆರು ಸಾವಿರ ಲೀಟರಿನ ನಾಲ್ಕೂವರೆ ಟ್ಯಾಂಕರ್ ನೀರು ದಿನವೂ ಉಳಿಯಿತು. ಮಿಕ್ಕ 43 ಸಾವಿರದಲ್ಲಿ ಗಿಡ, ಪಾರ್ಕಿಂಗ್ ನೆಲ ತೊಳೆಯುವುದಕ್ಕೆ ಹೋದರೂ ಮಳೆಗಾಲದಲ್ಲಿ ಬಹುಪಾಲು ಹೆಚ್ಚುವರಿಯೇ. ಅದು ಎಲ್ಲಿಗೆ ಹೋಗಬೇಕು ಎಂಬುದನ್ನು ನಕ್ಷೆಯಲ್ಲೇ ತೀರ್ಮಾನಿಸದಿದ್ದರೆ ರಾತ್ರಿ ಮಳೆನೀರಿನ ಚರಂಡಿಗೆ ಬಿಡುವ ಅನ್ಯಾಯ ಶುರುವಾಗುತ್ತದೆ.

ಫ್ಲಶ್ ಪೈಪು ಕುಡಿಯುವ ನೀರಿನ ಪೈಪಿಗೆ ಎಲ್ಲೂ ತಾಕಕೂಡದು. ಫ್ಲಶ್ ಟ್ಯಾಂಕಿಗೆ ಬೋರ್ ನೀರು ತುಂಬಿಸುವ ವ್ಯವಸ್ಥೆ ಇದ್ದರೆ ಆ ನಲ್ಲಿಯ ಬಾಯಿ ಟ್ಯಾಂಕ್ ತುಂಬಿ ಹರಿಯುವ ಮಟ್ಟಕ್ಕಿಂತ ಮೇಲಿರಬೇಕು, ನೀರಿನಲ್ಲಿ ಮುಳುಗಿರಬಾರದು. ಬಾತ್‌ರೂಮ್ ರಿಪೇರಿ ಮಾಡಿಸುವಾಗ ಪ್ಲಂಬರ್ ತಿಳಿಯದೆ ಎರಡನ್ನೂ ಸೇರಿಸಿಬಿಡುವುದುಂಟು. ಶುದ್ಧಿಯಾದ ನೀರಿನಲ್ಲಿ ಕರಗಿದ ಲವಣ ಮನೆಗೆ ಬರುವ ನೀರಿಗಿಂತ ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಹೆಚ್ಚಿರುತ್ತದೆ. ಹಾಗಾಗಿ ರಿಪೇರಿ ಮುಗಿದ ದಿನವೇ ಟಿಡಿಎಸ್ ಮೀಟರ್ ಹಿಡಿದು ಆ ಮನೆಯ, ಮೇಲಿನ, ಕೆಳಗಿನ ಮನೆಗಳ ಅಡುಗೆಮನೆ ನಲ್ಲಿಯ ನೀರನ್ನು ಅಳೆಯಿರಿ. ಒಂದು ನಲ್ಲಿಯಲ್ಲಿ ಮಾತ್ರ ಅಂಕಿ ಏರಿದ್ದರೆ ಅಲ್ಲಿಯ ನೀರು ನಿಲ್ಲಿಸಿ ಪೈಪು ಬಿಚ್ಚಿಸಿ ನೋಡಬೇಕು.