ಮೊದಲೇ ಕಟ್ಟಿದರೆ ರಿಯಾಯಿತಿ ಸರಿ, ರಿಫಂಡ್ ಯಾವತ್ತಿನವರೆಗೆ?

ತೆರಿಗೆ ಸಲಹೆಗಾರರೊಬ್ಬರು ಸಣ್ಣ ವ್ಯಾಪಾರಿಗಳಿಗಾಗಿ ಕನ್ನಡದಲ್ಲೇ ಒಂದು ಆನ್‌ಲೈನ್ ಕೋರ್ಸ್ ಶುರು ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅಂಗಡಿಯ ಜಿಎಸ್‌ಟಿ ರಿಟರ್ನ್ ಅನ್ನು ನಾವೇ ತುಂಬುವುದು ಹೇಗೆ ಎಂಬುದು ವಿಷಯ. ಎಂಟು ವಾರ, ವಾರಕ್ಕೆ ಎರಡು ತರಗತಿ. ಆಗಸ್ಟ್ 1ಕ್ಕೆ ಪ್ರಕಟಣೆ ಹೊರಬೀಳುತ್ತದೆ. ಶುಲ್ಕ 6,000 ರೂಪಾಯಿ, 10ನೇ ತಾರೀಕಿನೊಳಗೆ ಸೇರುವವರಿಗೆ ‘ಅರ್ಲಿ ಬರ್ಡ್’ ದರ 4,000. ತರಗತಿ ಶುರುವಾಗುವುದು 24ಕ್ಕೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಹಣ ಕಟ್ಟಿದ ಏಳು ದಿನಗಳೊಳಗೆ ಕೇಳಿದರೆ ಪೂರ್ತಿ ಮರುಪಾವತಿ.

ಬೆಲೆ, ಸಿಲಬಸ್, ರಿಫಂಡ್ ಷರತ್ತು, ಮೂರೂ ಬೇರೆ ಬೇರೆಯಾಗಿ ಓದಿದರೆ ತಕರಾರಿಲ್ಲ. ಒಟ್ಟಿಗೆ ಇಟ್ಟು ತಾರೀಕು ಹಾಕಿ ನೋಡಿ. 10ರಂದು ಕಟ್ಟಿದವರ ಏಳು ದಿನ 17ಕ್ಕೆ ಮುಗಿಯುತ್ತದೆ. ತರಗತಿ ಶುರುವಾಗಲು ಆಮೇಲೂ ಒಂದು ವಾರ ಇದೆ. ಪಾಠ ಅರ್ಥವಾಗುತ್ತದೋ ಇಲ್ಲವೋ ಎಂದು ತಿಳಿಯುವ ಮೊದಲೇ ಹಣ ವಾಪಸ್ ಕೇಳುವ ಹಕ್ಕು ಹೋಗಿರುತ್ತದೆ. ಅದೇ 22ರಂದು ಪೂರ್ತಿ ಶುಲ್ಕ ಕಟ್ಟಿ ಸೇರಿದವರಿಗೆ 29ರವರೆಗೆ ಸಮಯವಿದೆ, ಮೊದಲ ವಾರದ ಪಾಠ ಕೇಳಿ ನೋಡಿ ಬೇಡ ಎನ್ನಬಹುದು. ಮೊದಲು ಕಟ್ಟಿದವರು ಆ 2,000 ರೂಪಾಯಿ ರಿಯಾಯಿತಿಗೆ ಬದಲಾಗಿ ತಮಗೆ ಗೊತ್ತಿಲ್ಲದೆಯೇ ರಿಫಂಡ್ ಬಿಟ್ಟುಕೊಟ್ಟಿದ್ದಾರೆ.

ಇದು ಮೋಸದ ಉದ್ದೇಶದಿಂದಲೇ ಆಗುತ್ತದೆ ಎನ್ನಲಾರೆ. ಬಹಳಷ್ಟು ಸಲ ಪಾಠ ಮಾಡುವವರು ಬೇರೆ ಯಾರದೋ ಷರತ್ತುಗಳನ್ನು ಹಾಗೇ ಎತ್ತಿಕೊಂಡಿರುತ್ತಾರೆ. ಮೊದಲೇ ರೆಕಾರ್ಡ್ ಮಾಡಿಟ್ಟ ಕೋರ್ಸಿಗೆ ‘ಕಟ್ಟಿದ ದಿನದಿಂದ ಏಳು ದಿನ’ ಎಂಬುದು ಸರಿಯಾದ ಲೆಕ್ಕ, ಏಕೆಂದರೆ ಕಟ್ಟಿದ ಕ್ಷಣವೇ ವಿಡಿಯೊಗಳು ತೆರೆದುಕೊಳ್ಳುತ್ತವೆ. ಮುಂದೆ ನಡೆಯಲಿರುವ ತರಗತಿಗೆ ಆ ಲೆಕ್ಕ ಹೊಂದುವುದಿಲ್ಲ. ಅಲ್ಲಿ ‘ಮೊದಲ ತರಗತಿಯಿಂದ ಏಳು ದಿನ’ ಎಂದಿರಬೇಕು. ಆದ್ದರಿಂದ ದಿನ ಎಷ್ಟು ಎನ್ನುವುದಕ್ಕಿಂತ ಯಾವ ದಿನದಿಂದ ಎಣಿಸುತ್ತಾರೆ ಎಂಬುದನ್ನು ಮೊದಲು ನೋಡಿ. ಬರೆದಿಲ್ಲವಾದರೆ ಕಟ್ಟುವ ಮುಂಚೆಯೇ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ‘ಅಯ್ಯೋ, ಕೊಡ್ತೀವಿ ಬಿಡಿ ಸಾರ್’ ಎಂದದ್ದು ನಾಳೆ ಸಾಕ್ಷಿಗೆ ಸಿಗುವುದಿಲ್ಲ.

ಅರ್ಲಿ ಬರ್ಡ್ ದರವನ್ನು ಯಾಕೆ ಇಡುತ್ತಾರೆ ಎಂಬುದೂ ತಿಳಿದಿರಲಿ. ಎಷ್ಟು ಜನ ಬರುತ್ತಾರೆಂದು ಮೊದಲೇ ಗೊತ್ತಾದರೆ ಕೋರ್ಸ್ ನಡೆಸಬೇಕೋ ಬೇಡವೋ ಎಂದು ತೀರ್ಮಾನಿಸಬಹುದು, ಬಂದ ಹಣದಲ್ಲಿ ತಯಾರಿಯ ಖರ್ಚು ನಡೆಯುತ್ತದೆ. ಎಷ್ಟೋ ಕೋರ್ಸುಗಳ ಪಾಠಗಳು ಪ್ರಕಟಣೆಯ ದಿನ ಇನ್ನೂ ಸಿದ್ಧವಾಗಿರುವುದೇ ಇಲ್ಲ. ಇದರಲ್ಲಿ ತಪ್ಪೇನಿಲ್ಲ. ಆದರೆ ರೆಕಾರ್ಡ್ ಆದ ವಿಡಿಯೊಗಳಿಗೆ ‘ಇನ್ನು ಮೂರೇ ಸೀಟು ಬಾಕಿ’ ಎಂದರೆ ನಂಬಬೇಡಿ, ವಿಡಿಯೊಗೆ ಸೀಟಿನ ಮಿತಿಯೇ ಇರುವುದಿಲ್ಲ. ಶೂನ್ಯಕ್ಕೆ ಇಳಿಯುವ ಗಡಿಯಾರ ಮರುದಿನ ಮತ್ತೆ ಮೊದಲಿನಿಂದ ಓಡುತ್ತಿದ್ದರೆ ಅದೂ ಅಂಥದ್ದೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಹೀಗೆ ಸುಳ್ಳು ಅವಸರ ಹುಟ್ಟಿಸುವುದನ್ನು ನಿಷೇಧಿಸಿದೆ. ಮೊದಲು ಒಂದು ಬೆಲೆ ತೋರಿಸಿ, ಹಣ ಕಟ್ಟುವ ಹಂತದಲ್ಲಿ ಒಂದೊಂದೇ ಶುಲ್ಕ ಸೇರಿಸುತ್ತ ಹೋಗುವುದೂ ಅದೇ ಪಟ್ಟಿಯಲ್ಲಿದೆ.

ನಮ್ಮ ಉದಾಹರಣೆಯಲ್ಲೂ ಬೆಲೆ 4,000ಕ್ಕೆ ನಿಲ್ಲದೆ ಹೋಗಬಹುದು. ಇಂಥ ತರಬೇತಿಗೆ ಜಿಎಸ್‌ಟಿ ಶೇ. 18, ಅಂದರೆ 720 ರೂಪಾಯಿ. ಒಟ್ಟು 4,720. ಪಾಠ ಮಾಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದೆ ಅವರು ನೋಂದಣಿ ಮಾಡಿಸಿಲ್ಲವಾದರೆ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ತೆರಿಗೆ ಹಾಕಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. ರಿಫಂಡ್ ಕೊಡುವಾಗ ‘ತೆರಿಗೆ ಸರ್ಕಾರಕ್ಕೆ ಹೋಯಿತು, ವಾಪಸ್ ಬರುವುದಿಲ್ಲ’ ಎಂದು 720 ಹಿಡಿದುಕೊಳ್ಳುವವರಿದ್ದಾರೆ. ಆದರೆ ಬಿಲ್ ರದ್ದಾದರೆ ಕ್ರೆಡಿಟ್ ನೋಟ್ ಕೊಟ್ಟು ತೆರಿಗೆಯನ್ನು ಹೊಂದಿಸಿಕೊಳ್ಳಲು ಕಾಯ್ದೆಯಲ್ಲೇ ದಾರಿಯಿದೆ. ಪೇಮೆಂಟ್ ಗೇಟ್‌ವೇ ಶುಲ್ಕದ ಮಾತು ಬೇರೆ. ಅದು ಮಾರಿದವರಿಗೂ ಸಾಮಾನ್ಯವಾಗಿ ಮರಳುವುದಿಲ್ಲ. ಅದನ್ನು ಕಳೆದುಕೊಳ್ಳುತ್ತೇವೆ ಎಂದು ಮೊದಲೇ ಬರೆದಿದ್ದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಸಿಲಬಸ್ ಓದುವುದು ಇದಕ್ಕಿಂತ ಕಷ್ಟ. ‘ಜಿಎಸ್‌ಟಿ ಪರಿಚಯ, ರಿಟರ್ನ್ಸ್, ಇನ್‌ಪುಟ್ ಕ್ರೆಡಿಟ್, ನೋಟಿಸುಗಳು’ ಎಂಬ ಪಟ್ಟಿ ಯಾವ ಪುಸ್ತಕದ ಒಳಪುಟದಲ್ಲೂ ಸಿಗುತ್ತದೆ. ಅದನ್ನು ಹಿಡಿದುಕೊಂಡು ‘ನೀವು ಹೇಳಿದ್ದು ಕಲಿಸಲಿಲ್ಲ’ ಎಂದು ವಾದಿಸಲು ಆಗುವುದಿಲ್ಲ, ಏಕೆಂದರೆ ಅಲ್ಲಿ ಯಾವುದನ್ನೂ ಖಚಿತವಾಗಿ ಹೇಳಿಲ್ಲ. ಬದಲಿಗೆ ‘ನಾಲ್ಕನೇ ವಾರ: ಒಂದು ಮಾದರಿ ಕಿರಾಣಿ ಅಂಗಡಿಯ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜತೆ ತಾಳೆ ನೋಡಿ, ಸಿಗುವ ಕ್ರೆಡಿಟ್ ಎಷ್ಟೆಂದು ನೀವೇ ಲೆಕ್ಕ ಹಾಕಿ, ಜಿಎಸ್‌ಟಿಆರ್-3ಬಿ ತುಂಬುತ್ತೀರಿ’ ಎಂದಿದ್ದರೆ ಆ ಸಾಲಿಗೆ ತೂಕವಿದೆ. ವಾರದ ಕೊನೆಗೆ ಕೈಯಲ್ಲಿ ಒಂದು ಕೆಲಸ ಬಂದಿದೆಯೋ ಇಲ್ಲವೋ ಯಾರು ಬೇಕಾದರೂ ಹೇಳಬಹುದು. ತರಗತಿ ಅಧ್ಯಾಪಕರೇ ನಡೆಸುತ್ತಾರೋ ರೆಕಾರ್ಡಿಂಗೋ, ಮಾಡಿದ ಲೆಕ್ಕವನ್ನು ಯಾರಾದರೂ ತಿದ್ದಿ ಕೊಡುತ್ತಾರೋ ಎಂಬುದೂ ಅಲ್ಲೇ ಇರಬೇಕು. ಇಂಥ ವಿಷಯದಲ್ಲಿ ರೆಕಾರ್ಡಿಂಗಿನ ತಾರೀಕು ಕೂಡ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸಾಮಾನುಗಳ ಮಟ್ಟಿಗೆ ಶೇ. 12 ಮತ್ತು 28ರ ದರಗಳು ಹೋದವು. ಅದಕ್ಕೂ ಮುಂಚಿನ ವಿಡಿಯೊ ನೋಡಿ ಬಿಲ್ ಹಾಕಿದರೆ ದರವೇ ತಪ್ಪಾಗುತ್ತದೆ. ‘ಲೈಫ್‌ಟೈಮ್ ಆಕ್ಸೆಸ್’ ಎಂದು ಬರೆದವರನ್ನು ದರ ಬದಲಾದಾಗ ಪಾಠವನ್ನೂ ಬದಲಿಸುತ್ತೀರಾ ಎಂದು ಕೇಳಬೇಕು.

ಇನ್ನು ಕಾನೂನು. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನಿನಲ್ಲಿ ಕೊಂಡದ್ದನ್ನು ಕಾರಣ ಹೇಳದೆ 14 ದಿನಗಳೊಳಗೆ ಬೇಡ ಎನ್ನುವ ಹಕ್ಕು ಸಾಮಾನ್ಯವಾಗಿ ಇದೆ, ಕೆಲವು ವಿನಾಯಿತಿಗಳೂ ಇವೆ. ನಮ್ಮಲ್ಲಿ ಎಲ್ಲ ಕೋರ್ಸುಗಳಿಗೂ ಅನ್ವಯವಾಗುವ ಅಂಥ ಅವಧಿ ಇಲ್ಲ. ಮನಸ್ಸು ಬದಲಾಯಿತು, ಸಮಯ ಸಿಗುತ್ತಿಲ್ಲ ಎಂಬ ಕಾರಣಕ್ಕೆ ಹಣ ಕೇಳುವುದಾದರೆ ಪ್ರಕಟಣೆಯ ಷರತ್ತೇ ಆಧಾರ. ‘ಶೇ. 20ಕ್ಕಿಂತ ಹೆಚ್ಚು ನೋಡಿದ್ದರೆ ಇಲ್ಲ, ನೋಟ್ಸ್ ಇಳಿಸಿಕೊಂಡಿದ್ದರೆ ಇಲ್ಲ’ ಎಂದು ಬರೆದಿದ್ದರೆ ಮೊದಲ ಪಾಠ ನೋಡಿ ತೀರ್ಮಾನ ಮಾಡುವವರೆಗೂ ನೋಟ್ಸಿಗೆ ಕೈಹಾಕದಿರುವುದು ಒಳ್ಳೆಯದು.

ಹೇಳಿದ್ದು ಸಿಗಲಿಲ್ಲ ಎಂಬುದು ಪೂರ್ತಿ ಬೇರೆ ಸಂಗತಿ. ಹದಿನಾರು ತರಗತಿ ಎಂದು ಹತ್ತಕ್ಕೆ ನಿಲ್ಲಿಸಿದರೆ, ತಾವೇ ಕಲಿಸುತ್ತೇವೆಂದವರು ಸಹಾಯಕರನ್ನು ಕೂರಿಸಿದರೆ, ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ ಎಂದು ದೂರಬಹುದು. ‘ಯಾವ ಕಾರಣಕ್ಕೂ ಹಣ ಹಿಂತಿರುಗಿಸಲಾಗದು’ ಎಂಬ ಸಾಲು ಇದ್ದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. ಹಲವರು ಆ ಸಾಲು ಓದಿಯೇ ಸುಮ್ಮನಾಗುತ್ತಾರೆ.

ಇದಕ್ಕೆ ಬೇಕಾದ ಕಾಗದಪತ್ರ ಹೆಚ್ಚಿಲ್ಲ. ಹಣ ಕಟ್ಟುವ ದಿನವೇ ಪ್ರಕಟಣೆಯ ಬೆಲೆ, ಸಿಲಬಸ್, ರಿಫಂಡ್ ಸಾಲುಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅವು ತಿದ್ದುಪಡಿಯಾಗಬಹುದು. ಬಿಲ್ಲು ಮತ್ತು ಪಾವತಿಯ ಸಂದೇಶ ಜೋಪಾನವಾಗಿರಲಿ. ಹಣ ವಾಪಸ್ ಕೇಳುವುದನ್ನು ಇಮೇಲಿನಲ್ಲೇ ಕೇಳಿ, ಕಟ್ಟಿದ ದಿನ, ಕೇಳುತ್ತಿರುವ ದಿನ, ಯಾವ ಷರತ್ತಿನ ಪ್ರಕಾರ ಎಂದು ಬರೆಯಿರಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಪಾಠ ಮಾಡುವವರು ಬೆಂಗಳೂರಿನಲ್ಲಿದ್ದು ನೀವು ಬೀದರಿನಲ್ಲಿದ್ದರೆ ಬೀದರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.